ಮೊದಲು ಕೋಣೆ, ಆಮೇಲೆ ಮೈಕು

ರಾಜಾಜಿನಗರ, ಬಸವೇಶ್ವರನಗರದ 30-40 ಸೈಟಿನ ಮನೆಗಳಲ್ಲಿ ಕಿರುಚಿತ್ರ ಮಾಡುವವರು, ಸಂಭಾಷಣೆ ಬಾವಿಯೊಳಗಿಂದ ಬಂದಂತೆ ಕೇಳಿದರೆ ಮೊದಲು ಬಯ್ಯುವುದು ಮೈಕನ್ನು. ಮರುದಿನ ಇನ್ನೂ ದುಬಾರಿ ಶಾಟ್‌ಗನ್ ಬಾಡಿಗೆಗೆ ಬರುತ್ತದೆ, ಬಾವಿ ಮಾತ್ರ ಅಲ್ಲೇ ಇರುತ್ತದೆ. ತಪ್ಪು ಕೋಣೆಯದು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಖಾಲಿ ಕೋಣೆಯನ್ನೇ ತೆಗೆದುಕೊಳ್ಳಿ. ಟೈಲ್ಸ್ ನೆಲ, ಪ್ಲಾಸ್ಟರ್ ಗೋಡೆ, ಕಾಂಕ್ರೀಟ್ ಸೂರು ತಮಗೆ ಬಡಿದ ಸದ್ದಿನಲ್ಲಿ ನೂರಕ್ಕೆ ಮೂರು ಪಾಲನ್ನಷ್ಟೇ ಹೀರುತ್ತವೆ ಎಂದುಕೊಂಡು ಸೇಬಿನ್ ಸೂತ್ರ ಹಾಕಿದರೆ, ಮಾರ್ದನಿ ಅಡಗಲು ಸುಮಾರು 2.9 ಸೆಕೆಂಡು ಬೇಕು. ಅಷ್ಟರಲ್ಲಿ ನಟ ಮುಂದಿನ ವಾಕ್ಯ ಮುಗಿಸಿರುತ್ತಾನೆ. ಅಲ್ಲಿ ಬಾಯಿಂದ ಸುಮಾರು 20 ಸೆಂ.ಮೀ. ದೂರದಲ್ಲೇ ನೇರ ದನಿಯೂ ಮಾರ್ದನಿಯೂ ಸಮಸಮ. ಒಂದೇ ದಿಕ್ಕಿಗೆ ಕಿವಿಗೊಡುವ ಮೈಕಾದರೆ ಈ ದೂರ ಹೆಚ್ಚೆಂದರೆ ಇಮ್ಮಡಿ. ಫ್ರೇಮಿನಾಚೆ ಮೂರಡಿ ಮೇಲೆ ನಿಂತ ಬೂಮ್‌ಗೆ ದಕ್ಕುವುದರಲ್ಲಿ ಕೋಣೆಯ ಪಾಲೇ ಹೆಚ್ಚು.

ಬಯಲಿನಲ್ಲಿ ಗೆದ್ದ ಶಾಟ್‌ಗನ್ ಇಲ್ಲೇಕೆ ಸೋಲುತ್ತದೆ? ಅದರ ಉದ್ದ ಕೊಳವೆಯ ಸೀಳುಗಳು ಪಕ್ಕದಿಂದ ಬಂದ ಸದ್ದನ್ನು ಒಂದಕ್ಕೊಂದು ಹೊಡೆದಾಡಿಸಿ ಅಳಿಸುತ್ತವೆ, ಅದೂ ಏರುಸ್ವರಗಳಲ್ಲಿ ಮಾತ್ರ. ಕೋಣೆಯೊಳಗೆ ಅದೇ ಮಾತು ನೆಲಕ್ಕೆ ಬಡಿದು ಮೈಕಿನ ಮುಂದಿನಿಂದಲೇ ಮರಳಿ ಬರುತ್ತದೆ. ಪಕ್ಕದಿಂದ ಬಂದದ್ದು ಅರೆಬರೆ ಅಳಿದು ದನಿಯ ಬಣ್ಣ ಕೆಡುತ್ತದೆ. ಹಾಗಾಗಿ ಅನುಭವಿಗಳು ಒಳಾಂಗಣಕ್ಕೆ ಕೊಳವೆಯಿಲ್ಲದ ಗಿಡ್ಡ ಹೈಪರ್‌ಕಾರ್ಡಿಯಾಯ್ಡ್ ಮೈಕು ಹಿಡಿಯುತ್ತಾರೆ. ಕಾಲರ್ ಮೈಕೇ ಸಾಕಲ್ಲ ಎನ್ನಬಹುದು. ಎದೆಯ ಮೇಲೆ ಅದು ಬಾಯಿಗೆ ಹತ್ತಿರ, ನಿಜ. ಆದರೆ ಸಾಮಾನ್ಯವಾಗಿ ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುತ್ತದೆ, ಮೇಲಾಗಿ ರೇಷ್ಮೆ ಸೀರೆಯ ಸರಸರ, ತಾಳಿಸರದ ಕಿಣಿಕಿಣಿಯನ್ನು ಮಾತಿಗಿಂತ ಶ್ರದ್ಧೆಯಿಂದ ಹಿಡಿಯುತ್ತದೆ. ಆ ಸರಸರ ಒಂದು ಅಕ್ಷರದ ಮೇಲೆ ಬಿದ್ದರೆ ಬಿಡಿಸಿ ತೆಗೆಯುವುದು ಕಷ್ಟ.

ಅದೇ ಕೋಣೆಯಲ್ಲಿ ಆರಡಿ-ಏಳಡಿಯ ನಾಲ್ಕು ದಪ್ಪ ರಜಾಯಿಗಳನ್ನು ಕ್ಯಾಮೆರಾಕ್ಕೆ ಕಾಣದಂತೆ, ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿ. ಅವು ಅರ್ಧದಷ್ಟು ಸದ್ದು ಹೀರಿದರೂ 2.9 ಸೆಕೆಂಡು 0.6ರ ಹತ್ತಿರಕ್ಕೆ ಇಳಿಯುತ್ತದೆ. ಸಮಸಮದ ದೂರ ಇಮ್ಮಡಿಗೂ ಮಿಗಿಲಾಗಿ, ಬೂಮ್ ಮೂರಡಿಯಲ್ಲೇ ಕೆಲಸಕ್ಕೆ ಬರುತ್ತದೆ. ನೆಲಕ್ಕೊಂದು ಜಮಖಾನ ಹಾಸಿದರೆ ಇನ್ನೂ ವಾಸಿ. ಸಾಕಾಯಿತೇ ಎಂದು ತಿಳಿಯಲು ಒಂದು ಚಪ್ಪಾಳೆ ತಟ್ಟಿ: ಹಿಂದೆಯೇ ಝಿರ್ರೆಂಬ ಬಾಲ ಕೇಳಿದರೆ ಎದುರುಬದುರು ಗೋಡೆಗಳೆರಡೂ ಇನ್ನೂ ಬೋಳಾಗಿವೆ.

ಸಾಫ್ಟ್‌ವೇರ್ ಇದೆಯಲ್ಲ, ಡಬ್ಬಿಂಗ್ ಇದೆಯಲ್ಲ ಎಂಬ ವಾದಗಳಿವೆ. ಫ್ಯಾನಿನ ಗುಯ್‌ಗುಡುವಿಕೆ ಒಂದೇ ಸಮ ಇರುವುದರಿಂದ ಅಳಿಸುವುದು ಸುಲಭ. ಮಾರ್ದನಿ ಮಾತ್ರ ಆ ದನಿಯದೇ ನಕಲು, ಕಿತ್ತರೆ ಮಾತಿನ ತಿರುಳೂ ಕಿತ್ತು ಬರುತ್ತದೆ. ಡಬ್ಬಿಂಗ್ ಪಳಗಿದ ನಟರಿಗೆ ಸರಿ. ಆದರೆ ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದ ‘ತಿಥಿ’ಯ ಮಾತು ಸಿಂಕ್ ಸೌಂಡ್, ಆ ಮಾತಿನ ಧಾಟಿಯನ್ನು ಸ್ಟುಡಿಯೋದಲ್ಲಿ ಮತ್ತೆ ಹೇಳಿಸಿ ಪಡೆಯುವುದು ಸುಲಭವಲ್ಲ. ರಜಾಯಿಗೂ ಮಿತಿಯುಂಟು: ಒಳಗಿನ ಮಾರ್ದನಿ ತಗ್ಗಿಸೀತೇ ಹೊರತು ವಿಜಯನಗರದ ಹಾರ್ನನ್ನಾಗಲಿ ಕೆಂಗೇರಿಯ ರೈಲನ್ನಾಗಲಿ ತಡೆಯದು. ಅದಕ್ಕೆ ರಸ್ತೆಗೆ ಬೆನ್ನು ಹಾಕಿದ ಕೋಣೆ, ಬಿಗಿಯಾಗಿ ಮುಚ್ಚುವ ಕಿಟಕಿ, ಇಲ್ಲವೇ ನಸುಕಿನ ಶೂಟಿಂಗ್ ಬೇಕು.