೧॥ ಸೇರು ಎಂದರೆ ಎಷ್ಟು ಗ್ರಾಂ?

(ಪರದೆ: ಹಳೆಯ ವಹಿಯ ಪುಟದ ಫೋಟೊ)
ಕುಪವಾಡ, ಮಿರಜ ಕಡೆಯ ಹಳೆಯ ವಹಿಯಲ್ಲಿ ಮಸಾಲೆ ಖಾರದ ಅಳತೆ ಹೀಗಿರಬಹುದು: ‘ಒಣಮೆಣಸಿನಕಾಯಿ ೧॥ ಸೇರು, ಕೊತ್ತಂಬರಿ ಬೀಜ । ಸೇರು, ಅರಿಶಿನ ೫ ತೊಲೆ.’

(ಪರದೆ: ಗೆರೆಗಳ ಮೇಲೆ ವೃತ್ತ)
ಫೋಟೊದಿಂದ ಅಕ್ಷರ ಎತ್ತುವ ಆ್ಯಪ್ ಈ ಗೆರೆಗಳನ್ನು ಪೂರ್ಣವಿರಾಮ ಎಂದೋ ಒಂದು ಎಂದೋ ಓದೀತು. ಅವು ಹಳೆಯ ಲೆಕ್ಕದ ಗುರುತು: ಒಂದು ಗೆರೆ ಕಾಲು, ಎರಡು ಗೆರೆ ಅರ್ಧ. ಅದಕ್ಕೇ ವಹಿಯಲ್ಲಿದ್ದದ್ದನ್ನು ಮೊದಲು ಇದ್ದ ಹಾಗೇ ಇಳಿಸಿಕೊಳ್ಳಿ. ಗ್ರಾಂ ಲೆಕ್ಕ ಪಕ್ಕದ ಕಾಲಂನಲ್ಲಿರಲಿ.

(ಪರದೆ: ಎರಡು ಕಾಲಂ ಪಟ್ಟಿ)
ತೂಕದ ಸೇರು ಎಂದರೆ 80 ತೊಲೆ, ಸುಮಾರು 933 ಗ್ರಾಂ. ಆಗ ಮೆಣಸಿನಕಾಯಿ 1400, ಕೊತ್ತಂಬರಿ 233, ಅರಿಶಿನ 58 ಗ್ರಾಂ. ಸೇರಿಗೆ ಒಂದು ಕಿಲೊ, ತೊಲೆಗೆ ಇಂದಿನ ಸರಾಫರ 10 ಗ್ರಾಂ ಹಿಡಿದರೆ ಖಾರ ಏರುತ್ತದೆ, ಅರಿಶಿನ ಇಳಿಯುತ್ತದೆ.

(ಪರದೆ: ವಿಧಾನ)
ಇನ್ನು ವಿಧಾನ. ಒಂದು ಸಾಲಿಗೆ ಒಂದೇ ಕೆಲಸ: ಬಿಸಿಲಿಗೆ ಹಾಕಿ, ಬೇರೆಬೇರೆಯಾಗಿ ಹುರಿಯಿರಿ, ಕುಟ್ಟಿ. ‘ಎಣ್ಣೆಯಲ್ಲಿ ಹುರಿ’ ಎಂದಿದ್ದು ಪಟ್ಟಿಯಲ್ಲಿ ಎಣ್ಣೆಯೇ ಇಲ್ಲವೇ? ಸೇರಿಸಿ, ಮುಂದೆ ‘ಬೇಕಾದಷ್ಟು’ ಎಂದು ಬರೆಯಿರಿ. ವಹಿಯಲ್ಲಿಲ್ಲದ ಅಂಕಿ ಹಾಕಬೇಡಿ.