ಒಂದು ಫೋಟೊ, ಒಂಬತ್ತು ಲೆಕ್ಕ

ಮಾರ್ಚ್ ಹತ್ತಿರ ಬಂತೆಂದರೆ ಗಣಿತದ ಮೇಷ್ಟ್ರುಗಳ ಮೊಬೈಲಿಗೆ ಫೋಟೊಗಳು ಬರತೊಡಗುತ್ತವೆ. ನೋಟುಪುಸ್ತಕದ ಪುಟ, ಅದರ ಮೇಲೆ ಹೆಬ್ಬೆರಳಿನ ನೆರಳು, ಕೆಳಗೆ ಒಂದು ಸಾಲು: 'ಸರ್, ಇದೇ ಥರದ್ದು ಇನ್ನೊಂದಷ್ಟು ಕೊಡಿ, ಮಗಳು ಮಾಡಿ ಅಭ್ಯಾಸ ಮಾಡ್ತಾಳೆ.' ಕೇಳುವುದು ಸುಲಭ. ಆದರೆ 'ಇದೇ ಥರದ್ದು' ಎಂದರೆ ಯಾವ ಥರದ್ದು ಎಂದು ಕೊಡುವವರು ಯೋಚಿಸಲೇಬೇಕು. ಹತ್ತನೇ ತರಗತಿಯ ವರ್ಗ ಸಮೀಕರಣದ ಪಾಠಕ್ಕೆ ಸೇರಿದ ಇಂಥದೊಂದು ಪ್ರಶ್ನೆಯನ್ನು ತೆಗೆದುಕೊಂಡು ನೋಡೋಣ:

'ಒಂದು ಬಸ್ಸು 240 ಕಿ.ಮೀ. ದೂರವನ್ನು ಒಂದೇ ವೇಗದಲ್ಲಿ ಕ್ರಮಿಸುತ್ತದೆ. ವೇಗ ಗಂಟೆಗೆ 8 ಕಿ.ಮೀ. ಹೆಚ್ಚಿದ್ದಿದ್ದರೆ 1 ಗಂಟೆ ಮೊದಲೇ ತಲುಪುತ್ತಿತ್ತು. ಬಸ್ಸಿನ ವೇಗವೆಷ್ಟು?'

ವೇಗ x ಎಂದಿಟ್ಟುಕೊಂಡರೆ ಮೊದಲ ಸಲ ಹಿಡಿದ ಕಾಲ 240/x, ಎರಡನೆಯದು 240/(x+8), ಇವೆರಡರ ವ್ಯತ್ಯಾಸ 1. ಛೇದಗಳನ್ನು ಕಳೆದರೆ x(x+8) = 1920 ಎಂದು ಉಳಿಯುತ್ತದೆ. ಗುಣಲಬ್ಧ 1920, ವ್ಯತ್ಯಾಸ 8 ಇರುವ ಎರಡು ಸಂಖ್ಯೆಗಳು 40 ಮತ್ತು 48. ಹಾಗಾಗಿ ವೇಗ ಗಂಟೆಗೆ 40 ಕಿ.ಮೀ. ಸಮೀಕರಣದ ಇನ್ನೊಂದು ಮೂಲ −48. ವೇಗ ಋಣಸಂಖ್ಯೆ ಆಗದು ಎಂದು ಮಕ್ಕಳು ಅದನ್ನು ಹೊಡೆದುಹಾಕುತ್ತಾರೆ, ಅದು ಸರಿಯೇ. ಹೊಡೆಯುವ ಮುನ್ನ ಒಮ್ಮೆ ನೋಡಿದರೆ, ಹೆಚ್ಚಿಸಿದ ವೇಗವಾದ 48 ಅಲ್ಲಿ ಋಣಚಿಹ್ನೆ ಹೊತ್ತು ನಿಂತಿರುವುದು ಕಾಣುತ್ತದೆ.

ಹೊಸ ಲೆಕ್ಕ ಕಟ್ಟುವ ಮೊದಲು ಫೋಟೊದಲ್ಲಿರುವುದನ್ನು ಸರಿಯಾಗಿ ಓದಿದ್ದೇವೆಯೇ ಎಂದು ನೋಡಿಕೊಳ್ಳಬೇಕು. ಮಸುಕಾದ ಫೋಟೊದಲ್ಲಿ 8 ಎನ್ನುವುದು 3 ಅಥವಾ 6 ಆಗಿ ಕಾಣುವುದು ಮಾಮೂಲು. ಇದನ್ನು ಪರೀಕ್ಷಿಸಲು ಶೋಧಕವೇ ಸಾಕು. 8 ಎಂದು ಓದಿದರೆ ಶೋಧಕ 64 + 7680 = 7744, ಅದು 88ರ ವರ್ಗ. 6 ಎಂದು ಓದಿದರೆ 5796 ಬರುತ್ತದೆ, 3 ಎಂದು ಓದಿದರೆ 2889, ಎರಡೂ ಪೂರ್ಣವರ್ಗಗಳಲ್ಲ. ಪಠ್ಯಪುಸ್ತಕದ ಬಸ್ಸು ಗಂಟೆಗೆ ವರ್ಗಮೂಲದಷ್ಟು ಕಿಲೋಮೀಟರ್ ಓಡುವುದು ತೀರ ಅಪರೂಪ. ಆದ್ದರಿಂದ ಉತ್ತರ ವಿಚಿತ್ರವಾಗಿ ಬಂದರೆ ಮೊದಲು ಅನುಮಾನಿಸಬೇಕಾದ್ದು ನಮ್ಮ ಓದನ್ನೇ. ಫೋಟೊದ ಅಂಚಿನಲ್ಲಿ ಕೊನೆಯ ಸಾಲು ಕತ್ತರಿಸಿಹೋಗಿ 'ಮೊದಲೇ' ಎಂಬುದೋ 'ತಡವಾಗಿ' ಎಂಬುದೋ ಕಾಣದಿದ್ದರೆ ಮಾತ್ರ ಊಹಿಸಬಾರದು, ಇನ್ನೊಂದು ಫೋಟೊ ಕೇಳಬೇಕು.

ಓದಿದ್ದು ಸರಿ ಎಂದಾದ ಮೇಲೆ ಅವಸರದವರು ಮಾಡುವುದು ಅಂಕಿಗಳನ್ನು ಬದಲಿಸುವ ಕೆಲಸ. 240 ಇದ್ದಲ್ಲಿ 250 ಎಂದು ಬರೆದರೆ x(x+8) = 2000 ಆಗುತ್ತದೆ, ಶೋಧಕ 8064. ಅದು ಯಾವುದರ ವರ್ಗವೂ ಅಲ್ಲ. ವೇಗ ಸುಮಾರು 40.9 ಎಂದು ಬರುತ್ತದೆ, ಮಗು ತಾನೇ ಎಲ್ಲೋ ತಪ್ಪಿದೆ ಎಂದುಕೊಂಡು ಸರಿಯಾದ ಹೆಜ್ಜೆಗಳನ್ನೆಲ್ಲ ಅಳಿಸಿಹಾಕುತ್ತದೆ. ಆದ್ದರಿಂದ ಇಂಥ ಲೆಕ್ಕವನ್ನು ಕಟ್ಟುವವರು ಉತ್ತರವನ್ನು ಮೊದಲು ಆರಿಸಿಕೊಂಡು ಹಿಂದಕ್ಕೆ ನಡೆಯಬೇಕು.

ಹಿಂದಕ್ಕೆ ನಡೆಯುವ ದಾರಿ ಹೀಗಿದೆ. ಮೊದಲಿನ ಕಾಲ t ಗಂಟೆ, ಹೆಚ್ಚಿಸುವ ವೇಗ k, ಉಳಿಯುವುದು 1 ಗಂಟೆ ಎಂದುಕೊಳ್ಳಿ. ಎರಡು ಸಲವೂ ದೂರ ಒಂದೇ ಆಗಿರುವುದರಿಂದ xt = (x+k)(t−1). ಬಿಡಿಸಿದರೆ x = k(t−1). ಅಂದರೆ ದೂರ k × t × (t−1). ಫೋಟೊದ ಲೆಕ್ಕದಲ್ಲಿ k ಎಂಬುದು 8, t ಎಂಬುದು 6; ದೂರ 8 × 6 × 5 = 240, ವೇಗ 8 × 5 = 40. ಪ್ರಶ್ನೆ ಬರೆದವರು ಹೀಗೇ ಕಟ್ಟಿದರೋ ಇಲ್ಲವೋ, ಕೂಡುವುದಂತೂ ಹೀಗೆಯೇ. ಎರಡೂ ಪ್ರಯಾಣಗಳ ಕಾಲ ಪೂರ್ಣ ಗಂಟೆಗಳಲ್ಲಿ ಬರಬೇಕೆಂದರೆ k ಒಂದನ್ನು, t ಒಂದನ್ನು ಆರಿಸಿಕೊಂಡರೆ ಸಾಕು, ಮಿಕ್ಕದ್ದು ತಾನಾಗಿ ಬರುತ್ತದೆ. ಉಳಿಯುವುದು ಅರ್ಧ ಗಂಟೆಯಾದರೆ ಈ ಸೂತ್ರ ಹಾಗೆಯೇ ಹೊಂದುವುದಿಲ್ಲ, (t−1) ಬದಲು (t−½) ಇಟ್ಟು ಮತ್ತೆ ಬಿಡಿಸಬೇಕು.

ಇನ್ನು ಏರುಕ್ರಮ. ಒಂದೇ ಅಚ್ಚಿನ ಹತ್ತು ಲೆಕ್ಕ ಕೊಟ್ಟರೆ ಮೂರನೆಯದರ ಹೊತ್ತಿಗೆ ಮಗು ಪ್ರಶ್ನೆ ಓದುವುದನ್ನು ಬಿಟ್ಟು ಅಂಕಿಗಳನ್ನು ಹೆಕ್ಕಿ ಜಾಗಕ್ಕೆ ತುಂಬತೊಡಗುತ್ತದೆ. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಒಂದೇ ಒಂದು ಸಂಗತಿ ಬದಲಾಗಬೇಕು, ಅದು ಅಂಕಿಗಿಂತ ಹೆಚ್ಚಿನದಾಗಿರಬೇಕು.

ಮೊದಲ ಮೂರು ಲೆಕ್ಕಗಳು ಮೂಲ ಪ್ರಶ್ನೆಯವರೆಗೆ ಹತ್ತಿಸುವ ಮೆಟ್ಟಿಲು. ಒಂದನೆಯದರಲ್ಲಿ ಸಮೀಕರಣವೇ ಇಲ್ಲ: ಬಸ್ಸು 200 ಕಿ.ಮೀ. ದೂರವನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೆ ಎಷ್ಟು ಹೊತ್ತು, ವೇಗ 10 ಹೆಚ್ಚಿಸಿದರೆ ಎಷ್ಟು ಉಳಿತಾಯ? ಕಾಲ ಬೇಕಿದ್ದರೆ ದೂರವನ್ನು ವೇಗದಿಂದ ಭಾಗಿಸಬೇಕು ಎಂಬುದು ಇಲ್ಲೇ ಗಟ್ಟಿಯಾಗದಿದ್ದರೆ ಮುಂದಿನದೆಲ್ಲ ಕುಸಿಯುತ್ತದೆ. ಎರಡನೆಯದರಲ್ಲಿ ದೂರ ಗೊತ್ತಿಲ್ಲ: ಗಂಟೆಗೆ 40 ಕಿ.ಮೀ. ಬದಲು 60ರಲ್ಲಿ ಹೋದರೆ 1 ಗಂಟೆ ಮೊದಲೇ ತಲುಪಬಹುದಾದರೆ ದೂರವೆಷ್ಟು? ಎರಡು ಕಾಲಗಳ ವ್ಯತ್ಯಾಸವನ್ನು ಬರೆಯುವ ಅಭ್ಯಾಸ ಇಲ್ಲಿ ಆಗುತ್ತದೆ, ವರ್ಗದ ತೊಡಕು ಇನ್ನೂ ಇಲ್ಲ. ಮೂರನೆಯದು ಫೋಟೊದ ಲೆಕ್ಕದ ಅವಳಿ: ದೂರ 180 ಕಿ.ಮೀ., ವೇಗ 15 ಹೆಚ್ಚಾದರೆ 1 ಗಂಟೆ ಉಳಿತಾಯ, ಮೊದಲ ವೇಗವೆಷ್ಟು?

ನಾಲ್ಕನೆಯದರಿಂದ ಎಡವುವ ಕಲ್ಲುಗಳು ಶುರು. ದೂರ 150 ಕಿ.ಮೀ., ವೇಗ 10 ಹೆಚ್ಚಾದರೆ 30 ನಿಮಿಷ ಉಳಿತಾಯ, ವೇಗವೆಷ್ಟು? ಇಲ್ಲಿ ಹೊಸದಿರುವುದು ನಿಮಿಷ ಮಾತ್ರ. ಅರ್ಧ ಗಂಟೆ ಎಂದು ಬರೆಯದೆ 30 ಎಂದೇ ಬರೆದರೆ x(x+10) = 50 ಎಂದಾಗಿ ವೇಗ ಗಂಟೆಗೆ ನಾಲ್ಕು ಕಿಲೋಮೀಟರಿಗೂ ಕಡಿಮೆ ಬರುತ್ತದೆ. ನಡೆದೇ ಹೋಗಬಹುದಾದ ವೇಗ. ಉತ್ತರವನ್ನು ಬಸ್ಸಿನ ಎದುರು ಇಟ್ಟು ನೋಡುವ ಮಗುವಿಗೆ ತಪ್ಪು ಕೂಡಲೇ ಹೊಳೆಯುತ್ತದೆ, ಸೂತ್ರದೊಳಗೇ ಮುಳುಗಿದ ಮಗುವಿಗೆ ಹೊಳೆಯುವುದಿಲ್ಲ.

ಐದನೆಯದರಲ್ಲಿ ದಿಕ್ಕು ತಿರುಗುತ್ತದೆ. 210 ಕಿ.ಮೀ. ದಾರಿಯಲ್ಲಿ ಮಳೆಯಿಂದಾಗಿ ಲಾರಿಯ ವೇಗ ಗಂಟೆಗೆ 7 ಕಿ.ಮೀ. ಕಡಿಮೆಯಾಗಿ 1 ಗಂಟೆ ತಡವಾಯಿತು, ಎಂದಿನ ವೇಗವೆಷ್ಟು? ಅಂಕಿ ಹೆಕ್ಕಿ ತುಂಬುವ ಚಾಳಿ ಇದ್ದವರು ಇಲ್ಲೂ x(x+7) ಎಂದೇ ಬರೆದು 35 ಎನ್ನುತ್ತಾರೆ. ಈ ಲೆಕ್ಕದ ಚೆಲುವೇ ಅದು: ತಪ್ಪು ದಾರಿಯಲ್ಲೂ ಪೂರ್ಣಸಂಖ್ಯೆ ಬರುತ್ತದೆ, ಆದರೆ ಅದು ಮಳೆಯಲ್ಲಿ ಓಡಿದ ವೇಗ. ಮಗು ಎಲ್ಲಿ ತಪ್ಪಿತು ಎಂಬುದು ಅದು ಬರೆದ ಉತ್ತರದಿಂದಲೇ ಗೊತ್ತಾಗುತ್ತದೆ.

ಆರನೆಯದರಲ್ಲಿ ಬೇಡದ ಅಂಕಿ ಸೇರುತ್ತದೆ. 140 ಕಿ.ಮೀ. ಪ್ರಯಾಣ, 80 ಕಿ.ಮೀ. ಆದ ಮೇಲೆ ಪಂಕ್ಚರ್ ಆಗಿ ಅರ್ಧ ಗಂಟೆ ಹೋಯಿತು. ಉಳಿದ ದಾರಿಯಲ್ಲಿ ವೇಗವನ್ನು ಗಂಟೆಗೆ 20 ಕಿ.ಮೀ. ಹೆಚ್ಚಿಸಿದ್ದರಿಂದ ಸರಿಯಾದ ಹೊತ್ತಿಗೆ ತಲುಪಿತು. ಮೊದಲಿನ ವೇಗವೆಷ್ಟು? ಕಳೆದುಕೊಂಡ ಅರ್ಧ ಗಂಟೆಯನ್ನು ಯಾವ ದೂರದಲ್ಲಿ ಗಳಿಸಿಕೊಂಡಿತು ಎಂದು ಕೇಳಿಕೊಂಡವರಿಗೆ ಇದು ನಾಲ್ಕನೆಯ ಲೆಕ್ಕವೇ.

ಏಳನೆಯದರಲ್ಲಿ ಬಸ್ಸೇ ಇಲ್ಲ. ನಿಂತ ನೀರಿನಲ್ಲಿ ಗಂಟೆಗೆ 9 ಕಿ.ಮೀ. ಹೋಗುವ ದೋಣಿ 36 ಕಿ.ಮೀ. ದೂರವನ್ನು ಪ್ರವಾಹಕ್ಕೆ ಎದುರಾಗಿ ಹೋಗಲು, ಪ್ರವಾಹದ ಜೊತೆ ಹೋಗುವುದಕ್ಕಿಂತ 3 ಗಂಟೆ ಹೆಚ್ಚು ಹಿಡಿಯುತ್ತದೆ, ಪ್ರವಾಹದ ವೇಗವೆಷ್ಟು? ಒಂದೇ ದೂರ, ಎರಡು ವೇಗ, ಕಾಲದ ವ್ಯತ್ಯಾಸ: ಮೂಳೆ ಅದೇ, ಉಡುಪು ಬೇರೆ. ಇದು ಹಳೆಯ ಪದ್ಧತಿ. ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲೂ ಒಂದು ಸೂತ್ರ ಹೇಳಿ ಅದರ ಬೆನ್ನಿಗೆ ಬೇರೆ ಬೇರೆ ಉಡುಪಿನ ಉದಾಹರಣೆ ಲೆಕ್ಕಗಳನ್ನು ಕೊಡುವ ಕ್ರಮವಿದೆ.

ಎಂಟನೆಯದು ಕಣ್ಣಿಗೆ ಎಲ್ಲಕ್ಕಿಂತ ಕಷ್ಟ. ವೇಗ ಗಂಟೆಗೆ 10 ಕಿ.ಮೀ. ಹೆಚ್ಚಿದ್ದರೆ 1 ಗಂಟೆ ಮೊದಲೇ, 10 ಕಡಿಮೆ ಇದ್ದರೆ ಒಂದೂವರೆ ಗಂಟೆ ತಡವಾಗಿ ತಲುಪುತ್ತದೆ. ವೇಗ, ಕಾಲ, ದೂರ ಮೂರನ್ನೂ ಹೇಳಿ. ದೂರವನ್ನೂ ಕೊಟ್ಟಿಲ್ಲವಲ್ಲ ಎಂದು ಮಕ್ಕಳು ಕೈಚೆಲ್ಲುವುದು ಇಲ್ಲೇ. ಆದರೆ (x+10)(t−1) = xt ಎಂದು ಬರೆದು ಬಿಡಿಸಿದರೆ xt ಎರಡೂ ಬದಿಯಿಂದ ಬಿದ್ದುಹೋಗುತ್ತದೆ. ಇನ್ನೊಂದರಲ್ಲೂ ಹಾಗೆಯೇ. ಉಳಿಯುವುದು ಎರಡು ಸರಳ ರೇಖಾತ್ಮಕ ಸಮೀಕರಣ, ವರ್ಗದ ಸುಳಿವೇ ಇಲ್ಲ. ಲೆಕ್ಕದ ಕಷ್ಟ ಅದರ ಬೀಜಗಣಿತದಲ್ಲಿ ಎಷ್ಟಿದೆಯೋ ಅಷ್ಟೇ ಏನನ್ನು ಅವ್ಯಕ್ತವೆಂದು ಆರಿಸಿಕೊಳ್ಳುತ್ತೇವೆ ಎಂಬುದರಲ್ಲೂ ಇದೆ. ಇದನ್ನು ಮೂರನೆಯದರ ಪಕ್ಕದಲ್ಲಿಟ್ಟರೆ ಗೊಂದಲವಾದೀತು; ಏಳನ್ನೂ ಬಿಡಿಸಿ ಬಂದವರಿಗೆ ಮಜಾ ಕೊಡುತ್ತದೆ.

ಒಂಬತ್ತನೆಯದರಲ್ಲಿ ಮಗುವನ್ನೇ ಲೆಕ್ಕ ಕಟ್ಟುವವರ ಜಾಗದಲ್ಲಿ ಕೂರಿಸುತ್ತೇವೆ. ವೇಗ 12 ಹೆಚ್ಚಿಸಿದರೆ ಸರಿಯಾಗಿ 1 ಗಂಟೆ ಉಳಿಯುತ್ತದೆ, ಎರಡೂ ಸಲ ಹಿಡಿದ ಕಾಲ ಪೂರ್ಣ ಗಂಟೆಗಳು, ದೂರ 300 ಮತ್ತು 400 ಕಿ.ಮೀ. ನಡುವೆ ಇದೆ. ದೂರವೆಷ್ಟು, ಮೊದಲ ವೇಗವೆಷ್ಟು?

ಉತ್ತರಗಳನ್ನು ಚುಟುಕಾಗಿ, ಆದರೆ ಸಮೀಕರಣದ ಸಮೇತ ಕೊಡುವುದು ಒಳ್ಳೆಯದು. ಬರೀ ಅಂಕಿ ಕೊಟ್ಟರೆ ತಪ್ಪಿದ ಮಗುವಿಗೆ ತಪ್ಪಿದ ಜಾಗ ಸಿಗುವುದಿಲ್ಲ. ಪೂರ್ತಿ ಬಿಡಿಸಿ ಕೊಟ್ಟರೆ ಅದನ್ನು ನೋಡಿ ನಕಲು ಮಾಡುವ ಆಸೆ ಬರುತ್ತದೆ. ಒಂದನೆಯದಕ್ಕೆ 5 ಗಂಟೆ, 4 ಗಂಟೆ, ಉಳಿತಾಯ 1 ಗಂಟೆ. ಎರಡನೆಯದಕ್ಕೆ d/40 − d/60 = 1, ದೂರ 120 ಕಿ.ಮೀ. ಮೂರನೆಯದಕ್ಕೆ x(x+15) = 2700, ವೇಗ 45. ನಾಲ್ಕನೆಯದಕ್ಕೆ x(x+10) = 3000, ವೇಗ 50. ಐದನೆಯದಕ್ಕೆ x(x−7) = 1470, ವೇಗ 42. ಆರನೆಯದಕ್ಕೆ ಉಳಿದ ದಾರಿ 60 ಕಿ.ಮೀ., x(x+20) = 2400, ವೇಗ 40. ಏಳನೆಯದಕ್ಕೆ x² + 24x − 81 = 0, ಪ್ರವಾಹದ ವೇಗ 3. ಎಂಟನೆಯದಕ್ಕೆ 10t − x = 10 ಮತ್ತು 1.5x − 10t = 15; ವೇಗ 50, ಕಾಲ 6 ಗಂಟೆ, ದೂರ 300 ಕಿ.ಮೀ. ಒಂಬತ್ತನೆಯದಕ್ಕೆ 12 × t × (t−1) ಎಂಬಲ್ಲಿ t = 5 ಆದರೆ 240, 7 ಆದರೆ 504; ನಡುವೆ ಬರುವುದು t = 6 ಒಂದೇ. ದೂರ 360 ಕಿ.ಮೀ., ವೇಗ ಗಂಟೆಗೆ 60 ಕಿ.ಮೀ.