ಮೂರಕ್ಷರ ಕಳೆದುಹೋದ ಕಥೆ

ಗುತ್ತಿಗಾರಿನ ನಮ್ಮ ಹಳೆಮನೆಯ ಅಟ್ಟದಲ್ಲಿ ಒಂದು ಓಲೆಕಟ್ಟು ಇದೆ. ಎರಡು ಮರದ ಹಲಗೆಗಳ ನಡುವೆ ಗರಿಗಳು, ನಡುವಿನ ತೂತಿನಲ್ಲಿ ದಾರ. ತುಳು ಲಿಪಿ, ಮನೆಯಲ್ಲಿ ಈಗ ಅದನ್ನು ಓದುವವರು ಯಾರೂ ಇಲ್ಲ. ಚಿಕ್ಕವನಿದ್ದಾಗ ಒಂದು ಗರಿಯ ಅಂಚಿನಲ್ಲಿ ಕೂಡುವ ಚಿಹ್ನೆಯಂಥ ಸಣ್ಣ ಗುರುತು ಕಂಡು ಅಜ್ಜನನ್ನು ಕೇಳಿದ್ದೆ. “ಅದು ಹಂಸಪಾದ ಮಾರಾಯ. ಬರೆಯುವಾಗ ಬಿಟ್ಟುಹೋದ ಅಕ್ಷರ ಅಲ್ಲಿ ಸೇರಬೇಕು” ಎಂದಿದ್ದರು. ಬರೆದವನ ಹೆಸರು ಯಾರಿಗೂ ತಿಳಿಯದು. ಅವನ ತಪ್ಪು ಮಾತ್ರ ಹಾಗೇ ಉಳಿದಿದೆ.

ಓಲೆ ಬರೆಯುವ ಕೆಲಸದಲ್ಲಿ ತಪ್ಪು ತಿದ್ದುವುದು ಸುಲಭವಲ್ಲ. ಬರವಣಿಗೆಗೆ ಶ್ರೀತಾಳೆಯ ಗರಿ ಶ್ರೇಷ್ಠ. ತುಳುವಿನಲ್ಲಿ ಪಣೋಲಿ ಎನ್ನುವುದು ಇದೇ ಮರಕ್ಕೆ. ಬದುಕಿನಲ್ಲಿ ಒಂದೇ ಸಲ ಹೂಬಿಟ್ಟು, ಕಾಯಿ ಬಲಿತು ಸಾಯುತ್ತದೆ. ಇನ್ನೂ ಬಿಚ್ಚದ ಎಳೆಗರಿಯನ್ನು ತೆಗೆದು, ಬೇಯಿಸಿ, ಒಣಗಿಸಿ, ಉಜ್ಜಿ ನಯಮಾಡಿ ಅಳತೆಗೆ ಕತ್ತರಿಸುತ್ತಿದ್ದರು. ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಮೇಲೆ ಮಸಿ ಸವರಿ ಒರೆಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಒಮ್ಮೆ ಕೊರೆದದ್ದನ್ನು ಅಳಿಸಲಾಗದು. ಹೆಚ್ಚಾದ ಅಕ್ಷರಕ್ಕೆ ಮೇಲೊಂದು ಗೀರು ಎಳೆಯಬೇಕು, ಬಿಟ್ಟದ್ದಕ್ಕೆ ಹಂಸಪಾದ ಹಾಕಿ ಸಾಲುಗಳ ನಡುವೆಯೋ ಅಂಚಿನಲ್ಲೋ ತುರುಕಬೇಕು. ಪದಗಳ ನಡುವೆ ಜಾಗ ಬಿಡುವ ರೂಢಿಯೂ ಇರಲಿಲ್ಲ. ಗರಿಯ ಈ ತುದಿಯಿಂದ ಆ ತುದಿಯವರೆಗೆ ಅಕ್ಷರಗಳ ಒಂದೇ ಸರಮಾಲೆ.

ಅದಕ್ಕೇ ಇರಬೇಕು, ಹಳೆಯ ಲಿಪಿಕಾರರು ಗ್ರಂಥದ ಕೊನೆಗೆ ಒಂದು ಕ್ಷಮಾಪಣೆ ಸೇರಿಸುತ್ತಿದ್ದರು: ಪುಸ್ತಕದಲ್ಲಿ ಹೇಗೆ ಕಂಡೆನೋ ಹಾಗೇ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ, ತಪ್ಪು ನನ್ನದಲ್ಲ ಎಂದು. ಬೆನ್ನು ಸೊಂಟ ಮುರಿದು, ಕುತ್ತಿಗೆ ಬಗ್ಗಿಸಿ ಬರೆದದ್ದು, ಜೋಪಾನ ಮಾಡಿ ಎಂಬ ಮಾತೂ ಜತೆಗೆ. ನನಗೆ ಇದು ಬರೀ ವಿನಯವಾಗಿ ಕಾಣುವುದಿಲ್ಲ. ಎದುರಿನ ಗರಿಯಲ್ಲೇ ತಪ್ಪಿದೆ ಅನ್ನಿಸಿದಾಗ ತಿದ್ದಲೋ, ಇದ್ದಂತೆ ಬರೆಯಲೋ ಎಂದು ಕೈ ತಡೆದವನ ಮಾತು ಅದು.

ಈ ಪೇಚು ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಕಥೆಯಿದೆ. ಅದು ಮೂಡುಬಿದಿರೆಯದು.

ಷಟ್ಖಂಡಾಗಮ ದಿಗಂಬರ ಜೈನರ ಅತಿ ಹಳೆಯ ಆಗಮ. ಪುಷ್ಪದಂತ, ಭೂತಬಲಿ ಎಂಬ ಮುನಿಗಳು ಪ್ರಾಕೃತದಲ್ಲಿ ಅದರ ಸೂತ್ರಗಳನ್ನು ರಚಿಸಿದರು. ವೀರಸೇನ 816ರಲ್ಲಿ ಅದಕ್ಕೆ ‘ಧವಳಾ’ ಎಂಬ ದೊಡ್ಡ ಟೀಕೆ ಬರೆದು ಮುಗಿಸಿದ. ಹಳಗನ್ನಡ ಲಿಪಿಯ ಅದರ ತಾಳೆಗರಿ ಪ್ರತಿಗಳು ಉಳಿದುಬಂದದ್ದು ಮೂಡುಬಿದಿರೆಯಲ್ಲಿ. ಗುರು ಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರು ಬಂದದ್ದೇ ಈ ಗ್ರಂಥಗಳಿಂದ. ಶತಮಾನಗಳ ಕಾಲ ಯಾತ್ರಿಕರು ಅವುಗಳ ದರ್ಶನ ಪಡೆದು ಕೈಮುಗಿದರೇ ಹೊರತು ಓದಿದವರು ಕಡಿಮೆ.

ಗರಿಗಳು ಪುಡಿಯಾಗುತ್ತಿವೆ ಎಂಬ ಆತಂಕದಿಂದ 19ನೇ ಶತಮಾನದ ಕೊನೆಗೆ ಕಾಗದದ ಮೇಲೆ ಪ್ರತಿ ಮಾಡುವ ಕೆಲಸ ಶುರುವಾಯಿತು. ಬ್ರಹ್ಮಸೂರಿ ಶಾಸ್ತ್ರಿ ಮತ್ತು ಗಜಪತಿ ಉಪಾಧ್ಯಾಯ ಬರೆಯಲು ಕೂತರು. ಧವಳಾ ಸುಮಾರು 72,000 ಗ್ರಂಥದ ಗಾತ್ರದ್ದು ಎನ್ನುವುದು ವಾಡಿಕೆ. ಲಿಪಿಕಾರರ ಲೆಕ್ಕದಲ್ಲಿ ಒಂದು ಗ್ರಂಥವೆಂದರೆ 32 ಅಕ್ಷರ. ಗುಣಿಸಿದರೆ 23 ಲಕ್ಷ ಅಕ್ಷರ ದಾಟುತ್ತದೆ. ಬರೆದ ಪ್ರತಿಗಳು ಊರು ಬಿಟ್ಟು ಹೋಗಬಾರದು ಎಂಬುದು ಅಲ್ಲಿಯವರ ಕಟ್ಟುಪಾಡು. ಗಜಪತಿ ಉಪಾಧ್ಯಾಯರು ಹೆಂಡತಿ ಲಕ್ಷ್ಮೀಬಾಯಿಯವರ ಕೈನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನ್‌ಪುರ ಸೇರಿತು. ಅಲ್ಲಿ ವಿಜಯಚಂದ್ರಯ್ಯ, ಸೀತಾರಾಮ ಶಾಸ್ತ್ರಿ ಸೇರಿ ಅದನ್ನು ನಾಗರಿಗೆ ಇಳಿಸಿದರು. ಸೀತಾರಾಮ ಶಾಸ್ತ್ರಿಗಳೂ ತಮಗೊಂದು ಪ್ರತಿ ಉಳಿಸಿಕೊಂಡರು. ಅದರಿಂದ ಮತ್ತೆ ಪ್ರತಿ, ಪ್ರತಿಯಿಂದ ಪ್ರತಿ. ಕಳ್ಳದಾರಿ ಎನ್ನಬಹುದು. ಆದರೆ ಅದಿಲ್ಲದಿದ್ದರೆ ಆ ಗ್ರಂಥ ಅಷ್ಟು ಬೇಗ ಹೊರಜಗತ್ತಿನ ಕಣ್ಣಿಗೆ ಬೀಳುತ್ತಿರಲಿಲ್ಲ.

ಹೀಗೆ ಕೈಯಿಂದ ಕೈಗೆ ದಾಟಿದ ಪಾಠವನ್ನೇ ಇಟ್ಟುಕೊಂಡು ಅಮರಾವತಿಯಲ್ಲಿ ಹೀರಾಲಾಲ ಜೈನ್ ಮತ್ತು ಸಂಗಡಿಗ ಪಂಡಿತರು ಸಂಪಾದನೆಗೆ ಇಳಿದರು. ಮೊದಲ ಸಂಪುಟ ಬಂದದ್ದು 1939ರಲ್ಲಿ. ಅದರ 93ನೇ ಸೂತ್ರದಲ್ಲಿ ಅವರ ಕೈ ತಡೆಯಿತು.

ಸೂತ್ರ ಹೇಳುವುದು ಮಾನುಷಿಯರ, ಎಂದರೆ ಸ್ತ್ರೀಯರ, ಗುಣಸ್ಥಾನಗಳ ಬಗ್ಗೆ, ಆತ್ಮದ ಏಳಿಗೆಯ ಮೆಟ್ಟಿಲುಗಳ ಬಗ್ಗೆ. ಪ್ರತಿಯಲ್ಲಿ ‘ಸಂಜದಾಸಂಜದ’ದವರೆಗೆ ಬಂದು ಮಾತು ಮುಂದಕ್ಕೆ ಹೋಗುತ್ತಿತ್ತು. ಸಂಜದ ಎಂದರೆ ಸಂಯತ, ಪೂರ್ಣ ವ್ರತ ಹಿಡಿದವರು. ಸಂಜದಾಸಂಜದ ಎಂದರೆ ಅರ್ಧ ವ್ರತದ ಗೃಹಸ್ಥರು. ಸೂತ್ರ ಹಾಗೆ ನಿಂತರೆ ಸ್ತ್ರೀಗೆ ಪೂರ್ಣ ಸಂಯಮದ ಮೆಟ್ಟಿಲು ಇಲ್ಲ ಎಂದಾಗುತ್ತದೆ. ಸ್ತ್ರೀಗೆ ಅದೇ ದೇಹದಲ್ಲಿ ಮೋಕ್ಷವಿಲ್ಲ ಎನ್ನುವ ದಿಗಂಬರ ಮತಕ್ಕೆ ಅದು ಸರಿಯಾಗಿ ಹೊಂದುತ್ತದೆ ಕೂಡ. ಯಾರೂ ಅನುಮಾನ ಪಡಬೇಕಾಗಿರಲಿಲ್ಲ.

ಅನುಮಾನ ಹುಟ್ಟಿಸಿದ್ದು ಕೆಳಗಿನ ಟೀಕೆ. ಈ ಆಗಮವಾಕ್ಯದಿಂದಲೇ ಸ್ತ್ರೀಯರಿಗೂ ಮುಕ್ತಿ ಸಿದ್ಧಿಸುತ್ತದಲ್ಲ ಎಂಬ ಆಕ್ಷೇಪವನ್ನು ವೀರಸೇನ ಅಲ್ಲಿ ತಾನೇ ಎತ್ತಿಕೊಳ್ಳುತ್ತಾನೆ. ಹಾಗಲ್ಲ, ಇಲ್ಲಿ ಮಾತು ಭಾವದ ಸ್ತ್ರೀತ್ವದ್ದು, ದೇಹದ್ದಲ್ಲ ಎಂದು ಉತ್ತರಿಸುತ್ತಾನೆ. ಸೂತ್ರ ಗೃಹಸ್ಥ ವ್ರತಕ್ಕೇ ನಿಂತಿದ್ದರೆ ಇಂಥ ಆಕ್ಷೇಪ ಬರುವುದೆಲ್ಲಿಂದ? ಅವನ ಮುಂದಿದ್ದ ಸೂತ್ರದಲ್ಲಿ ‘ಸಂಜದ’ ಎಂದು ಇನ್ನೊಮ್ಮೆ ಇದ್ದಿರಲೇಬೇಕು.

ಅದು ಬಿಟ್ಟುಹೋಗುವ ಬಗೆಯನ್ನು ಊಹಿಸಲು ಸಾಲನ್ನು ಜಾಗ ಬಿಡದೆ ಬರೆದು ನೋಡಿ: ಸಂಜದಾಸಂಜದಸಂಜದ. ಲಿಪಿಕಾರ ‘ಸಂಜದಾಸಂಜದ’ವರೆಗೆ ಓದಿಕೊಂಡು, ತಲೆ ತಗ್ಗಿಸಿ ಬರೆದು, ಮತ್ತೆ ಮೂಲದತ್ತ ಕಣ್ಣು ಹಾಯಿಸುತ್ತಾನೆ. ಈಗಷ್ಟೇ ಬರೆದ ‘ಸಂಜದ’ವನ್ನು ಹುಡುಕುವ ಕಣ್ಣು ಎರಡನೆಯದರ ಬದಲು ಮೂರನೆಯದರ ಮೇಲೆ ಕೂತರೆ ಮುಗಿಯಿತು, ಮೂರಕ್ಷರ ಮಾಯ. ನಿದ್ದೆಗಣ್ಣೂ ಬೇಡ, ಅಜ್ಞಾನವೂ ಬೇಡ. ಹೀಗೆ ಬಿಟ್ಟ ಮೇಲೂ ವಾಕ್ಯ ಕುಂಟುವುದಿಲ್ಲ, ಅರ್ಥವೂ ಆಗುತ್ತದೆ. ಆದ್ದರಿಂದ ಓದಿ ಹಿಡಿಯುವುದು ಕಷ್ಟ.

ಸಂಪಾದಕರು ಆಗ ಮಾಡಿದ್ದು ನನಗೆ ಬಹಳ ಹಿಡಿಸಿತು. ಸೂತ್ರದ ಒಳಗೆ ಕೈ ಹಾಕಲಿಲ್ಲ. ಪ್ರತಿಯಲ್ಲಿ ಇದ್ದಂತೆಯೇ ಅಚ್ಚುಮಾಡಿ, ಇಲ್ಲಿ ‘ಸಂಜದ’ ಬಿಟ್ಟುಹೋದಂತೆ ತೋರುತ್ತದೆ ಎಂದು ಅಡಿಯಲ್ಲಿ ಟಿಪ್ಪಣಿ ಹಾಕಿದರು. ಹಂಸಪಾದದ ಕೆಲಸವನ್ನೇ ಅಚ್ಚಿನಲ್ಲಿ ಮಾಡಿದರು ಅನ್ನಿ. ಅಷ್ಟಕ್ಕೇ ಪಂಡಿತರಲ್ಲಿ ಜಗಳ ಎದ್ದಿತು. ಆ ಪದ ಸೇರಿದರೆ ಸ್ತ್ರೀಮುಕ್ತಿಯನ್ನು ಒಪ್ಪಿದಂತಾಗುತ್ತದೆ ಎಂದು ಒಂದು ಪಕ್ಷ, ಇಲ್ಲದಿದ್ದರೆ ಟೀಕೆಯೇ ಅರ್ಥ ಕಳೆದುಕೊಳ್ಳುತ್ತದೆ ಎಂದು ಇನ್ನೊಂದು. ತರ್ಕದಿಂದ ಅದು ಬಗೆಹರಿಯುವಂತಿರಲಿಲ್ಲ. ಮೂಡುಬಿದಿರೆಯ ಗರಿಯೊಂದಿಗೆ ಪಾಠ ಹೋಲಿಸಲು ಕೊನೆಗೆ ಸಾಧ್ಯವಾದಾಗ ‘ಸಂಜದ’ ಅಲ್ಲೇ ಇತ್ತು.

ಮೂಲ ಉಳಿದಿದ್ದರಿಂದ ಇಷ್ಟಾದರೂ ತಿಳಿಯಿತು. ಪ್ರತಿಯಾಯಿತಲ್ಲ ಎಂದು ಗರಿಗಳನ್ನು ಹೊಳೆಗೆ ಬಿಟ್ಟಿದ್ದರೆ ಆ ಟಿಪ್ಪಣಿ ಇಂದಿಗೂ ಊಹೆಯಾಗಿಯೇ ಉಳಿಯುತ್ತಿತ್ತು. ಸುಳ್ಯ, ಪುತ್ತೂರು, ಕಡಬದ ಕಡೆ ಹಳೆಮನೆಗಳನ್ನು ಕೆಡವುವಾಗ ಓಲೆಕಟ್ಟು ಸಿಕ್ಕಿದರೆ ಗಡಿಬಿಡಿಯಲ್ಲಿ ಬಿಚ್ಚಬೇಡಿ. ದಾರ ಹರಿದಿದ್ದರೆ ಗರಿಗಳ ಕ್ರಮ ತಪ್ಪದಂತೆ ಬಟ್ಟೆಯಲ್ಲಿ ಸುತ್ತಿಡಿ. ಫೋಟೊ ತೆಗೆಸಿಕೊಳ್ಳಿ, ಓದಬಲ್ಲವರಿಗೆ ತೋರಿಸಿ. ಫೋಟೊ ಆಯಿತೆಂದು ಕಟ್ಟನ್ನು ಮಾತ್ರ ಬಿಸಾಡಬೇಡಿ.